ಗ್ರಾಫ್ ಬಿದ್ದ ಕಡೆಯೆಲ್ಲಾ ಕತ್ತರಿ ಹಾಕಬೇಡಿ

ದಾವಣಗೆರೆ ಕಡೆ ಈಗ ಅಡುಗೆ ಚಾನೆಲ್‌ಗಳಿಗೇನೂ ಬರವಿಲ್ಲ. ಹೆಚ್ಚಿನವರು ಯೂಟ್ಯೂಬ್ ಸ್ಟುಡಿಯೋದಲ್ಲಿ ನೋಡುವುದು ವ್ಯೂಸ್, ಆಮೇಲೆ ಸರಾಸರಿ ವೀಕ್ಷಣೆಯ ಅವಧಿ. ಮುಂದಿನ ವಿಡಿಯೋದಲ್ಲಿ ಏನು ತೆಗೆಯಬೇಕು ಅಂತ ಇವೆರಡೂ ಹೇಳುವುದಿಲ್ಲ. ಅದನ್ನು ಹೇಳುವುದು ರಿಟೆನ್ಷನ್ ಗ್ರಾಫ್. ವಿಡಿಯೋ ತೆರೆದು ಅನಾಲಿಟಿಕ್ಸ್‌ಗೆ ಹೋದರೆ Key moments for audience retention ಅಂತ ಸಿಗುತ್ತದೆ. ಪ್ರತಿ ಕ್ಷಣಕ್ಕೂ ನೂರಕ್ಕೆ ಎಷ್ಟು ಮಂದಿ ನೋಡುತ್ತಿದ್ದರು ಅನ್ನುವುದೇ ಆ ಗೆರೆ. ಲೆಕ್ಕ ಬರಲು ಒಂದೆರಡು ದಿನ ಬೇಕು, ಅಪ್‌ಲೋಡ್ ಮಾಡಿದ ರಾತ್ರಿಯೇ ಹುಡುಕಬೇಡಿ.

ಎಂಟು ನಿಮಿಷದ ಬೆಣ್ಣೆ ದೋಸೆ ವಿಡಿಯೋ ಒಂದಿದೆ ಅಂತ ಇಟ್ಟುಕೊಳ್ಳಿ. ಮೊದಲ 8 ಸೆಕೆಂಡು ಕಾದ ಹಂಚು, ಮೇಲೆ ಕರಗುವ ಬೆಣ್ಣೆ. ನಂತರ 17 ಸೆಕೆಂಡು ಚಾನೆಲ್ ಲೋಗೋ, ಮ್ಯೂಸಿಕ್, "ಎಲ್ಲರಿಗೂ ನಮಸ್ಕಾರ, ಸಬ್‌ಸ್ಕ್ರೈಬ್ ಆಗಿ". 8ನೇ ಸೆಕೆಂಡಿನಲ್ಲಿ ಗೆರೆ 88ರಲ್ಲಿದೆ, 25ನೇ ಸೆಕೆಂಡಿಗೆ 64. ಇದರಲ್ಲಿ ಗೊಂದಲವೇನೂ ಇಲ್ಲ, ಲೋಗೋ ತೆಗೆದುಬಿಡಿ. ದೋಸೆ ನೋಡಲು ಬಂದವರಿಗೆ ಬಾಗಿಲಲ್ಲೇ ಭಾಷಣ ಯಾಕೆ?

ತಪ್ಪಾಗುವುದು ಮುಂದೆ. 2:40ಕ್ಕೆ 46 ಇದ್ದದ್ದು 34ಕ್ಕೆ ಇಳಿದು, 3:30ಕ್ಕೆ ಮತ್ತೆ 43ಕ್ಕೆ ಬರುತ್ತದೆ. ಅಲ್ಲಿರುವುದು ನೆನೆಸಿದ ಅಕ್ಕಿ, ಉದ್ದು, ಮಂಡಕ್ಕಿ ಗ್ರೈಂಡರ್‌ನಲ್ಲಿ ತಿರುಗುವ 50 ಸೆಕೆಂಡು. ಗೆರೆ ಇಳಿದು ಮತ್ತೆ ಏರಿ ಗುಂಡಿಯ ಹಾಗೆ ಕಂಡರೆ ಜನ ಬಿಟ್ಟು ಹೋಗಿಲ್ಲ ಅಂತ ಅರ್ಥ. ಪರದೆಯನ್ನು ಎರಡು ಸಲ ತಟ್ಟಿ ಮುಂದಕ್ಕೆ ಹಾರಿದ್ದಾರೆ. ಕಳೆದುಕೊಂಡದ್ದು ನೂರಕ್ಕೆ ಮೂರು ಮಾತ್ರ, ಉಳಿದವರು ಮುಂದೆ ಕಾದಿದ್ದಾರೆ. ಹಾಗಾಗಿ ಈ ಭಾಗವನ್ನು ಪೂರ್ತಿ ಕಿತ್ತರೆ ಹಿಟ್ಟು ಎಷ್ಟು ನುಣ್ಣಗಿರಬೇಕು ಅನ್ನುವುದೂ ಹೋಗುತ್ತದೆ. ಹಿಟ್ಟಿನ ಹದ ತೋರಿಸುವ 10-12 ಸೆಕೆಂಡು ಉಳಿಸಿ, ಗ್ರೈಂಡರ್ ಸದ್ದನ್ನು ಬಿಡಿ.

5:50ರಲ್ಲಿ ಬೇರೆ ಆಕಾರ. 40ರಿಂದ 15 ಸೆಕೆಂಡಿನಲ್ಲಿ 29ಕ್ಕೆ ಬಿದ್ದು ಅಲ್ಲೇ ನಿಲ್ಲುತ್ತದೆ, ಮತ್ತೆ ಏರುವುದಿಲ್ಲ. ಇದು ಮೆಟ್ಟಿಲು, ಅಂದರೆ ಎದ್ದು ಹೋಗಿದ್ದಾರೆ. ಹನ್ನೊಂದೇ ಅಂಕ ಅಂತ ಹಗುರಾಗಿ ತೆಗೆದುಕೊಳ್ಳಬೇಡಿ. ಆಗ ಕೂತಿದ್ದ 40 ಜನರಲ್ಲಿ 11 ಅಂದರೆ ಕಾಲುಭಾಗಕ್ಕಿಂತ ಹೆಚ್ಚು, ಶುರುವಿನ ಲೋಗೋ ಮಾಡಿದಷ್ಟೇ ನಷ್ಟ. ಕೊನೆಯ ಭಾಗದ ಕುಸಿತವನ್ನು ಯಾವಾಗಲೂ ಹೀಗೆ, ಆಗ ಉಳಿದಿದ್ದವರ ಲೆಕ್ಕದಲ್ಲೇ ಅಳೆಯಬೇಕು.

ಕಾರಣ ಹುಡುಕಲು ಗೆರೆ ಬೀಳುವುದಕ್ಕೆ ಐದಾರು ಸೆಕೆಂಡು ಹಿಂದಿನಿಂದ ಪ್ಲೇ ಮಾಡಿ. ನೋಡುವವರು ಬೇಸರಪಟ್ಟು, ಆಮೇಲೆ ತಾನೇ ಬೆರಳು ಎತ್ತುವುದು. ಇಲ್ಲಿ ಕೇಳಿಸುವುದು "ನೋಡ್ರಿ, ಬಿಸಿ ಬಿಸಿ ದೋಸೆ ರೆಡಿ" ಅನ್ನುವ ಮಾತು. ಆಮೇಲೆ ಎರಡು ನಿಮಿಷ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ. ಪಲ್ಯ ಚೆನ್ನಾಗಿಲ್ಲ ಅಂತ ಯಾರೂ ಹೋಗಿಲ್ಲ, ಬಂದ ಕೆಲಸ ಮುಗಿಯಿತು ಅಂತ ಹೋದರು. ಪಲ್ಯ ಕತ್ತರಿಸುವುದು ಇದಕ್ಕೆ ಮದ್ದಲ್ಲ. ಮುಂದಿನ ಸಲ ಹಿಟ್ಟು ಹುದುಗಲು ಇಟ್ಟ ಕೂಡಲೇ ಪಲ್ಯ, ಚಟ್ನಿ ಮುಗಿಸಿ, ಹಂಚಿನ ಮೇಲಿನ ದೋಸೆ ಕೊನೆಗೆ ಬರಲಿ. "ರೆಡಿ" ಅನ್ನುವ ಮಾತು ವಿಡಿಯೋದ ಕೊನೆಯ ಮಾತಾಗಲಿ.

ಇನ್ನು 1:12ರಲ್ಲಿ 54ರಿಂದ 61ಕ್ಕೆ ಒಂದು ಗೋಪುರ. ಇದನ್ನು ಕಂಡು ಖುಷಿಪಡುವವರೇ ಜಾಸ್ತಿ. ಆ ಜಾಗದಲ್ಲಿ ಏನಿದೆ ನೋಡಿ: ಅಕ್ಕಿ, ಉದ್ದು, ಮಂಡಕ್ಕಿಯ ಅಳತೆ ಮೂರು ಸೆಕೆಂಡು ಬಂದು ಮಾಯವಾಗಿದೆ. ಓದಲಾಗದೆ ಜನ ಹಿಂದಕ್ಕೆ ಎಳೆದು ಮತ್ತೆ ನೋಡಿದ್ದಾರೆ. ಮುಂದಿನ ವಿಡಿಯೋದಲ್ಲಿ ಅಳತೆ ಎಂಟು ಸೆಕೆಂಡು ನಿಲ್ಲಲಿ, ಬಾಯಲ್ಲೂ ಹೇಳಿ. ಗೋಪುರ ಸಣ್ಣದಾದರೆ ಬೇಜಾರು ಬೇಡ, ಕೆಲಸ ಸರಿಯಾಯಿತು ಅಂತಲೇ ತಿಳಿಯಿರಿ. ಅದೇ ತವಾ ಮೇಲೆ ಬೆಣ್ಣೆ ಸುರಿಯುವ ಕಡೆ ಗೋಪುರ ಎದ್ದರೆ ಮಾತು ಬೇರೆ, ಆ ಶಾಟ್ ಇನ್ನಷ್ಟು ಬೇಕು.

ಇದೆಲ್ಲಾ ನೋಡುವ ಮಂದಿ ಸಾಕಷ್ಟಿದ್ದರೆ ಮಾತ್ರ. 150 ವ್ಯೂಸ್ ಇರುವ ವಿಡಿಯೋದಲ್ಲಿ ಗೆರೆ ಮೂರು ಅಂಕ ಅಲುಗಾಡಿದರೆ ನಾಲ್ಕೈದು ಜನ ಅಷ್ಟೇ, ಅದರಲ್ಲಿ ಇಬ್ಬರು ಮನೆಯವರೇ ಇರಬಹುದು. ಮನೆಯ ವಾಟ್ಸಾಪ್ ಗುಂಪಿಗೆ ಲಿಂಕ್ ಹಾಕಿದರೆ ಒಂದು ಸಲ ತೆರೆದು ಹಾರ್ಟ್ ಒತ್ತಿ ಹೋಗುತ್ತಾರೆ, ಮೊದಲ 30 ಸೆಕೆಂಡಿನ ಲೆಕ್ಕ ಕೆಡುತ್ತದೆ. ಹೋಲಿಸುವಾಗಲೂ ಸುಮಾರು ಅಷ್ಟೇ ಉದ್ದದ ನಿಮ್ಮದೇ ವಿಡಿಯೋ ಆಗಿರಬೇಕು. ಮೂರು ನಿಮಿಷದ ಚಟ್ನಿ ವಿಡಿಯೋ ಪಕ್ಕ ಇಟ್ಟರೆ ಎಂಟು ನಿಮಿಷದ್ದು ಯಾವಾಗಲೂ ಸೋತಂತೆಯೇ ಕಾಣುತ್ತದೆ.

ಹಳೆಯ ವಿಡಿಯೋದ ಆ 17 ಸೆಕೆಂಡನ್ನು ಸ್ಟುಡಿಯೋದ ಎಡಿಟರ್‌ನಲ್ಲೇ ತೆಗೆಯಬಹುದು, ಲಿಂಕ್ ಬದಲಾಗುವುದಿಲ್ಲ, ವ್ಯೂಸ್ ಹೋಗುವುದಿಲ್ಲ. ಡಿಸ್ಕ್ರಿಪ್ಷನ್‌ನಲ್ಲಿ ಅಧ್ಯಾಯಗಳ ಸಮಯ ಬರೆದಿದ್ದರೆ ಮಾತ್ರ ಅದು ತಾನಾಗಿ ಸರಿಯಾಗಲ್ಲ, ಲೋಗೋ ನಂತರದ ಪ್ರತಿಯೊಂದರಿಂದಲೂ 17 ಸೆಕೆಂಡು ನೀವೇ ಕಳೆಯಬೇಕು.