“14 ವರ್ಷ ಅಮ್ಮ” ಅಂತ ನಾನೇ ಹೇಳಿದ್ದೆ

2012ರ ಮಾರ್ಚ್. ಕೋರ್ಟ್ ಹಾಲ್‌ನಿಂದ ಹೊರಗೆ ಬಂದಾಗ ಆ ತಾಯಿ ಕಂಬಕ್ಕೆ ಒರಗಿ ನಿಂತಿದ್ದರು. ಒಳಗೆ ಜಡ್ಜ್ ಅವರ ಮಗನಿಗೆ ಜೀವಾವಧಿ ಶಿಕ್ಷೆ ಅಂತ ಓದಿದ್ದು ಅವರಿಗೆ ಅರ್ಥವಾಗಿರಲಿಲ್ಲ. “ಎಷ್ಟು ವರ್ಷ ಸ್ವಾಮಿ?” ಅಂದರು. ನಾನು ಆಗಿನ್ನೂ ಸೀನಿಯರ್ ಹಿಂದೆ ಫೈಲ್ ಹಿಡಿದು ಓಡಾಡುತ್ತಿದ್ದ ಹುಡುಗ. “14 ವರ್ಷ ಅಮ್ಮ” ಅಂದುಬಿಟ್ಟೆ. ಪಕ್ಕದಲ್ಲಿದ್ದ ಯಾರೋ ಹಿರಿಯರು ಅದಕ್ಕೆ ಇನ್ನೊಂದು ಸೇರಿಸಿದರು: “ಹೆದರಬೇಡಮ್ಮ, ಜೈಲಲ್ಲಿ ಹಗಲು ಒಂದು ದಿನ, ರಾತ್ರಿ ಒಂದು ದಿನ. ಏಳು ವರ್ಷಕ್ಕೆ ಬಂದುಬಿಡ್ತಾನೆ.”

ಇಬ್ಬರೂ ಹೇಳಿದ್ದು ತಪ್ಪು. ಹಗಲು ರಾತ್ರಿಯ ಲೆಕ್ಕ ಯಾವ ಕಾನೂನಿನಲ್ಲೂ ಇಲ್ಲ. ಅದು ಎಲ್ಲಿ ಹುಟ್ಟಿತೋ ದೇವರಿಗೇ ಗೊತ್ತು, ಇವತ್ತಿಗೂ ತಿಂಗಳಿಗೊಮ್ಮೆಯಾದರೂ ಕಿವಿಗೆ ಬೀಳುತ್ತದೆ. ಆದರೆ ನನ್ನ ತಪ್ಪು ಅದಕ್ಕಿಂತ ದೊಡ್ಡದು, ಯಾಕಂದರೆ ನಾನು ಕರಿ ಕೋಟು ಹಾಕಿಕೊಂಡು ಹೇಳಿದ್ದೆ.

ಜೀವಾವಧಿ ಅಂದರೆ ಜೀವ ಇರೋವರೆಗೆ. ಅಷ್ಟೇ. 14 ಅಲ್ಲ, 20 ಅಲ್ಲ. 1961ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿಯಾಗಿದೆ. ಗಾಂಧೀಜಿ ಹತ್ಯೆ ಪ್ರಕರಣದಲ್ಲಿ ಶಿಕ್ಷೆಯಾಗಿದ್ದ ಗೋಪಾಲ ಗೋಡ್ಸೆ, ತಾನು ಒಳಗಿದ್ದ ವರ್ಷಗಳಿಗೆ ಗಳಿಸಿದ ರೆಮಿಷನ್, ಅಂದರೆ ಶಿಕ್ಷೆಯಲ್ಲಿ ಸಿಕ್ಕ ಕಡಿತ, ಸೇರಿಸಿದರೆ 20 ವರ್ಷ ದಾಟಿದೆ, ಬಿಡಿ ಅಂತ ಅರ್ಜಿ ಹಾಕಿದ್ದ. ದಂಡಸಂಹಿತೆಯಲ್ಲಿ 20 ಅನ್ನುವ ಸಂಖ್ಯೆ ಇರುವುದು ನಿಜ. ಆದರೆ ಅದು ಶಿಕ್ಷೆಯ ಕಾಲುಭಾಗ, ಅರ್ಧಭಾಗ ಅಂತ ಲೆಕ್ಕ ಹಾಕಬೇಕಾದಾಗ ಮಾತ್ರ ಬರುವ ಅಂಕೆ. ಬಿಡುವ ಅಧಿಕಾರ ಸರ್ಕಾರದ್ದು, ಅದು ಕೈದಿಯ ಹಕ್ಕಲ್ಲ ಅಂತ ಕೋರ್ಟ್ ಅರ್ಜಿ ವಜಾ ಮಾಡಿತು. ಅವನನ್ನು ಬಿಟ್ಟಿದ್ದು 1964ರಲ್ಲಿ, ಅದೂ ಸರ್ಕಾರದ ಆದೇಶದ ಮೇಲೆ.

ಹಾಗಾದರೆ ಈ 14 ಎಲ್ಲಿಂದ ಬಂತು? 1978ರಲ್ಲಿ ಕ್ರಿಮಿನಲ್ ಕೇಸು ನಡೆಸುವ ವಿಧಾನದ ಹಳೆಯ ಕಾನೂನಾದ ಸಿಆರ್‌ಪಿಸಿಗೆ 433ಎ ಅಂತ ಒಂದು ಕಲಂ ಸೇರಿಸಿದರು. ಅದರ ಜಾಗಕ್ಕೆ ಬಂದಿರುವ ಈಗಿನ ಬಿಎನ್‌ಎಸ್‌ಎಸ್‌ನಲ್ಲಿ ಅದು 475. ಮರಣದಂಡನೆ ಕೊಡಬಹುದಾಗಿದ್ದ ಅಪರಾಧಕ್ಕೆ ಜೀವಾವಧಿಯಾಗಿದ್ದರೆ, ಕನಿಷ್ಠ 14 ವರ್ಷ ಒಳಗೆ ಇರದೆ ಅವನನ್ನು ಬಿಡುವ ಹಾಗಿಲ್ಲ. ಇದರಲ್ಲಿ “14 ಆದ ಮೇಲೆ ಬಿಡಬೇಕು” ಅಂತ ಎಲ್ಲೂ ಇಲ್ಲ. “14 ಆಗುವ ತನಕ ಕೇಳಲೇಬೇಡ” ಅಂತ ಇದೆ. ಅದು ಹೊರಗೆ ಹೋಗುವ ಬಾಗಿಲಲ್ಲ, ಬಾಗಿಲ ಮುಂದಿನ ಸಾಲಿಗೆ ಸೇರಿಕೊಳ್ಳುವ ಟೋಕನ್. ಜನ ಇದನ್ನು ತಿರುಗಿಸಿ ಓದಿಕೊಂಡಿದ್ದಾರೆ. ನಾನೂ ಓದಿಕೊಂಡಿದ್ದೆ.

ಈಗ ಆ ಹುಡುಗನ ಕೇಸಿಗೇ ಬರೋಣ. ದರೋಡೆ ಮಾಡಲು ಹೋಗಿ ಕೊಲೆ, ಆಮೇಲೆ ಸಾಕ್ಷ್ಯ ನಾಶ. ಕೊಲೆಗೆ ಜೀವಾವಧಿ, ದರೋಡೆಗೆ 7 ವರ್ಷ, ಸಾಕ್ಷ್ಯ ನಾಶಕ್ಕೆ 5 ವರ್ಷ. ಒಟ್ಟು 15,000 ರೂಪಾಯಿ ದಂಡ, ಕಟ್ಟದಿದ್ದರೆ ಎಲ್ಲ ಸೇರಿ ಇನ್ನೊಂದು ವರ್ಷ. ಕೊನೆಯಲ್ಲಿ ಒಂದೇ ಸಾಲು: ಶಿಕ್ಷೆಗಳೆಲ್ಲ ಏಕಕಾಲಕ್ಕೆ ಜಾರಿಯಾಗತಕ್ಕದ್ದು. ಮರುದಿನ ಪೇಪರಿನಲ್ಲಿ “ಜೀವಾವಧಿ ಜತೆ 12 ವರ್ಷ ಕಠಿಣ ಸಜೆ” ಅಂತ ಬಂತು.

ಆ 12 ವರ್ಷ ಏನಾಯಿತು ನೋಡಿ. ಹುಡುಗ 2008ರ ಮಾರ್ಚ್‌ನಿಂದ ಒಳಗೇ ಇದ್ದ, ಬೇಲ್ ಸಿಕ್ಕಿರಲಿಲ್ಲ. ವಿಚಾರಣಾಧೀನ ಕೈದಿಯಾಗಿ ಕಳೆದ 4 ವರ್ಷವನ್ನು ಶಿಕ್ಷೆಯಲ್ಲಿ ಕಳೆಯಬೇಕು. ಹಾಗಾಗಿ 5 ವರ್ಷದ ಸಜೆ 2013ಕ್ಕೇ ಮುಗಿಯಿತು, 7 ವರ್ಷದ್ದು 2015ಕ್ಕೆ. ಎರಡೂ ಜೀವಾವಧಿಯ ನೆರಳಲ್ಲೇ ಸವೆದುಹೋದವು. ಅವು ಮುಗಿದ ದಿನ ಜೈಲಿನಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ. ಹುಡುಗನಿಗೂ ಕೂಡ.

ಆ ಒಂದು ಸಾಲಿನ ಬದಲು ಜಡ್ಜ್ “ಮೊದಲು 7, ಆಮೇಲೆ 5, ಆಮೇಲೆ ಜೀವಾವಧಿ” ಅಂತ ಬರೆದಿದ್ದರೆ? ಹಾಗೆ ಬರೆಯಬಹುದು. 2016ರಲ್ಲಿ ಸುಪ್ರೀಂ ಕೋರ್ಟಿನ ಐದು ಜಡ್ಜ್‌ಗಳ ಪೀಠ ಮುತ್ತುರಾಮಲಿಂಗಂ ಪ್ರಕರಣದಲ್ಲಿ ಹೇಳಿದ್ದು ಇದನ್ನೇ. ಎರಡು ಜೀವಾವಧಿಯನ್ನು ಒಂದಾದ ಮೇಲೊಂದು ಅನುಭವಿಸು ಅನ್ನುವ ಹಾಗಿಲ್ಲ, ಮನುಷ್ಯನಿಗೆ ಇರುವುದು ಒಂದೇ ಜೀವ. ಆದರೆ ವರ್ಷದ ಲೆಕ್ಕದ ಸಜೆಯನ್ನು ಮೊದಲು ಮುಗಿಸಿ, ಆಮೇಲೆ ಜೀವಾವಧಿ ಶುರುವಾಗಲಿ ಅನ್ನಬಹುದು. ಹಾಗಾಗಿದ್ದರೆ ಇವನ 12 ವರ್ಷ 2020ಕ್ಕೆ ಮುಗಿಯುತ್ತಿತ್ತು, ರೆಮಿಷನ್ ಕಳೆದರೆ ಸ್ವಲ್ಪ ಮುಂಚೆ. 14ರ ಎಣಿಕೆ ಆಮೇಲೆ ಶುರು. ಟೋಕನ್ ಸಿಗುವುದು 2034ರ ಹೊತ್ತಿಗೆ. ಅದೇ ಅಪರಾಧ, ಅದೇ ಸಾಕ್ಷಿ, ಅದೇ ಜಡ್ಜ್.

ಇನ್ನೊಂದು ಅಪಾಯ ಇದೆ. ಜಡ್ಜ್ ಏನೂ ಬರೆಯದಿದ್ದರೆ? ಹಳೆಯ ಸಿಆರ್‌ಪಿಸಿ 31ರ ಪ್ರಕಾರ ಮೌನ ಅಂದರೆ ಒಂದಾದ ಮೇಲೊಂದು. ಬೇರೊಂದು ಕೇಸಿನಲ್ಲಿ, ಜೀವಾವಧಿ ಅಲ್ಲದ್ದು, ನನ್ನ ಕಕ್ಷಿದಾರನಿಗೆ 7 ಮತ್ತು 5 ವರ್ಷ ಆಗಿತ್ತು. ತೀರ್ಪಿನಲ್ಲಿ ಆ ಸಾಲು ಬಿಟ್ಟುಹೋಗಿತ್ತು. ಬೇಕಂತಲೇ ಬಿಟ್ಟಿದ್ದೋ, ಟೈಪಿಂಗ್‌ನಲ್ಲಿ ಹೋಗಿದ್ದೋ ಗೊತ್ತಿಲ್ಲ. ಜೈಲಿನವರು ವಾರಂಟ್ ನೋಡಿ 12 ಅಂತ ಬರೆದುಕೊಂಡರು. ಅವರದ್ದು ತಪ್ಪಲ್ಲ, ಅವರು ಕಾಗದ ಓದುವವರು. ಹೈಕೋರ್ಟಿಗೆ ಹೋಗಿ ಆ ಸಾಲು ಹಾಕಿಸಿಕೊಂಡು ಬರಲು ಒಂದೂವರೆ ವರ್ಷ ಹಿಡಿಯಿತು. ಒಂದು ಸಾಲಿನ ಬೆಲೆ 5 ವರ್ಷ. ಹೊಸ ಬಿಎನ್‌ಎಸ್‌ಎಸ್ 25ರಲ್ಲಿ, ಅಪರಾಧದ ತೀವ್ರತೆ ನೋಡಿ ಏಕಕಾಲಕ್ಕೋ ಒಂದಾದ ಮೇಲೊಂದೋ ಅಂತ ಕೋರ್ಟೇ ಆದೇಶ ಮಾಡಬೇಕು ಅಂತ ಇದೆ. ಒಳ್ಳೆಯದಾಯಿತು. ಆದರೂ ತೀರ್ಪಿನ ಪ್ರತಿ ಕೈಗೆ ಬಂದ ಕೂಡಲೇ ನಾನು ಮೊದಲು ನೋಡುವುದು ಕೊನೆಯ ಪುಟವನ್ನೇ.

ಸರಿ, ನಮ್ಮ ಹುಡುಗನಿಗೆ 2022ರ ಮಾರ್ಚ್‌ಗೆ 14 ತುಂಬಿತು ಅಂದುಕೊಂಡು ತಾಯಿ ಬಂದರು. ಜೈಲಿನಿಂದ ನಾಮಿನಲ್ ರೋಲ್ ತರಿಸಿದೆ. ಒಂದೇ ಹಾಳೆ. ವಿಚಾರಣಾಧೀನ ಅವಧಿ ಇಷ್ಟು, ಸಜಾ ಅವಧಿ ಇಷ್ಟು, ಗಳಿಸಿದ ರೆಮಿಷನ್ ಇಷ್ಟು, ಪೆರೋಲ್ ಇಷ್ಟು, ದಂಡ ಕಟ್ಟಿದೆಯೋ ಇಲ್ಲವೋ. ಒಬ್ಬ ಮನುಷ್ಯನ 14 ವರ್ಷ ಆ ಐದು ಕಾಲಂನಲ್ಲಿ ಕೂತಿತ್ತು. ಜೈಲಿನ ಬೇಕರಿಯಲ್ಲಿ ಕೆಲಸ ಮಾಡಿದ್ದಕ್ಕೆ, ತಂಟೆ ಮಾಡದೆ ಇದ್ದದ್ದಕ್ಕೆ ಅವನ ಖಾತೆಯಲ್ಲಿ ಎರಡು ವರ್ಷಕ್ಕಿಂತ ಜಾಸ್ತಿ ರೆಮಿಷನ್ ಇತ್ತು. “ಹಾಗಾದರೆ ಅವನದ್ದು 16 ಆಯ್ತಲ್ಲ?” ಅಂತ ತಾಯಿ ಕೇಳಿದರು. ಇಲ್ಲ. ಆ 14 ಅನ್ನುವುದು ನಿಜವಾಗಿ ಗೋಡೆಯೊಳಗೆ ಕಳೆದ ವರ್ಷ, ಗಳಿಸಿದ ದಿನಗಳು ಅದಕ್ಕೆ ಸೇರುವುದಿಲ್ಲ. ಬದಲಿಗೆ ಪೆರೋಲ್ ಮೇಲೆ ಹೊರಗಿದ್ದ 4 ತಿಂಗಳು ಕಳೆಯುತ್ತದೆ. ಪೆರೋಲ್ ಅವಧಿ ಇದರಲ್ಲಿ ಸೇರುವುದಿಲ್ಲ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು. ಹಾಗಾಗಿ ಮಾರ್ಚ್ ಹೋಗಿ ಜುಲೈ ಆಯಿತು. ಅಪ್ಪನ ಅಂತ್ಯಕ್ರಿಯೆಗೆ ಬಂದಿದ್ದು ಕೂಡ ಆ 4 ತಿಂಗಳಲ್ಲಿ ಸೇರಿತ್ತು ಅಂತ ನಾನು ಅವರಿಗೆ ಬಿಡಿಸಿ ಹೇಳಲಿಲ್ಲ.

ಜುಲೈನಲ್ಲಿ ಫೈಲ್ ಹೊರಟಿತು. ಜೈಲು ಸೂಪರಿಂಟೆಂಡೆಂಟ್ ವರದಿ, ಪ್ರೊಬೇಷನ್ ಅಧಿಕಾರಿ ವರದಿ, ಪೊಲೀಸ್ ವರದಿ, ಶಿಕ್ಷೆ ಕೊಟ್ಟ ಕೋರ್ಟಿನ ಅಭಿಪ್ರಾಯ, ಆಮೇಲೆ ಸಲಹಾ ಸಮಿತಿ, ಕೊನೆಗೆ ಸರ್ಕಾರ. ಶಿಕ್ಷೆ ಕೊಟ್ಟ ಜಡ್ಜ್ ನಿವೃತ್ತರಾಗಿದ್ದರು. ಅಭಿಪ್ರಾಯ ಬರೆದವರು ಈ ಹುಡುಗನ ಮುಖ ನೋಡಿದವರಲ್ಲ, ಹಳೆಯ ತೀರ್ಪು ಓದಿ ಬರೆದರು. ಏನು ನೋಡಬೇಕು ಅಂತ ಸುಪ್ರೀಂ ಕೋರ್ಟ್ 2000ದ ಲಕ್ಷ್ಮಣ್ ನಸ್ಕರ್ ಪ್ರಕರಣದಲ್ಲಿ ಹೇಳಿದೆ: ಅಪರಾಧ ಇಡೀ ಸಮಾಜವನ್ನು ತಟ್ಟಿತ್ತೇ, ಮತ್ತೆ ಮಾಡುವ ಸಾಧ್ಯತೆ ಇದೆಯೇ, ಮಾಡುವ ಶಕ್ತಿಯಾದರೂ ಉಳಿದಿದೆಯೇ, ಇನ್ನೂ ಒಳಗಿಟ್ಟು ಏನು ಸಾಧಿಸುತ್ತೇವೆ, ಮನೆಯ ಸ್ಥಿತಿ ಏನು. ಒಳ್ಳೆಯ ಪ್ರಶ್ನೆಗಳು. ಪೊಲೀಸ್ ವರದಿಯಲ್ಲಿ ಇದ್ದದ್ದು ಒಂದೇ ಉತ್ತರ: “ಬಿಡುಗಡೆಯಾದರೆ ಗ್ರಾಮದಲ್ಲಿ ಶಾಂತಿಗೆ ಭಂಗ ಬರುವ ಸಂಭವವಿದೆ.” ಈ ವಾಕ್ಯವನ್ನು ನಾನು ಇಂಥ ಎಷ್ಟು ಫೈಲ್‌ಗಳಲ್ಲಿ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ಊರಿನ ಹೆಸರು ಮಾತ್ರ ಬದಲಾಗುತ್ತದೆ. ಅರ್ಜಿ ತಿರಸ್ಕಾರವಾಯಿತು.

ಇಲ್ಲಿ ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ರೆಮಿಷನ್ ಬೇಕು. ಬಾಗಿಲೇ ಇಲ್ಲದ ಕೋಣೆಯಲ್ಲಿ ಯಾರೂ ಸುಧಾರಿಸುವುದಿಲ್ಲ. ಆದರೆ ಶಿಕ್ಷೆಯ ನಿಜವಾದ ಉದ್ದ ತೀರ್ಮಾನವಾಗುವುದು ಆ ಫೈಲಿನಲ್ಲಿ. ತೆರೆದ ಕೋರ್ಟಿನಲ್ಲಿ ಎರಡೂ ಕಡೆ ಕೇಳಿ, ಕಾರಣ ಬರೆದು ಕೊಟ್ಟ ಶಿಕ್ಷೆಯನ್ನು, ಕಾರಣವಿಲ್ಲದ ಒಂದು ವಾಕ್ಯ ಉದ್ದ ಮಾಡುತ್ತದೆ ಅಥವಾ ತುಂಡು ಮಾಡುತ್ತದೆ. ತುಂಡು ಮಾಡಿದ್ದಕ್ಕೂ ಉದಾಹರಣೆ ಇದೆಯಲ್ಲ. ಬಿಲ್ಕಿಸ್ ಬಾನೊ ಪ್ರಕರಣದ 11 ಅಪರಾಧಿಗಳನ್ನು 2022ರ ಆಗಸ್ಟ್ 15ರಂದು ಗುಜರಾತ್ ಸರ್ಕಾರ ಬಿಟ್ಟಿತು. ವಿಚಾರಣೆ ನಡೆದಿದ್ದು ಮುಂಬೈನಲ್ಲಿ, ಹಾಗಾಗಿ ಆ ಅಧಿಕಾರ ಗುಜರಾತಿಗೆ ಇರಲೇ ಇಲ್ಲ ಅಂತ ಸುಪ್ರೀಂ ಕೋರ್ಟ್ 2024ರ ಜನವರಿ 8ರಂದು ಬಿಡುಗಡೆ ರದ್ದು ಮಾಡಿ, ಅವರನ್ನು ವಾಪಸ್ ಜೈಲಿಗೆ ಕಳಿಸಿತು.

ಸತ್ತವನ ಮನೆಯವರಿಗೂ ಇದೇ ಗತಿ. ನಮ್ಮ ಹುಡುಗ ಪೆರೋಲ್ ಮೇಲೆ ಬಂದಾಗ ಅವರು ಅವನನ್ನು ಸಂತೆಯಲ್ಲಿ ನೋಡಿ ಬೆಚ್ಚಿಬಿದ್ದಿದ್ದರಂತೆ. “ಜೀವಾವಧಿ” ಅಂತ ಅವರಿಗೆ ಹೇಳಿದ್ದವರೂ ನನ್ನ ಹಾಗೆಯೇ ಅರ್ಧ ಹೇಳಿ ಹೋಗಿದ್ದರು. ಶಿಕ್ಷೆ ಓದಿದ ದಿನವೇ ಎರಡೂ ಮನೆಯವರನ್ನು ಕೂರಿಸಿಕೊಂಡು, ಕೇಳುವ ಅವಕಾಶ ಯಾವಾಗ ಬರುತ್ತದೆ, ಸಿಗದೇ ಇರಲೂಬಹುದು ಅಂತ ಅವರ ಭಾಷೆಯಲ್ಲಿ ಹೇಳಲು ಹತ್ತು ನಿಮಿಷ ಸಾಕು. (ಕೆಲವು ಕೇಸುಗಳಲ್ಲಿ ಟೋಕನ್ನೇ ಇಲ್ಲ. 2008ರಲ್ಲಿ ಬೆಂಗಳೂರಿನ ಸ್ವಾಮಿ ಶ್ರದ್ಧಾನಂದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗಲ್ಲು ತಪ್ಪಿಸಿ, ರೆಮಿಷನ್ ಇಲ್ಲದ ಜೀವಾವಧಿ ಕೊಟ್ಟಿತು. ಈ ಅಧಿಕಾರ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟಿಗೆ ಮಾತ್ರ.)

ತಿರಸ್ಕಾರದ ಆದೇಶವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದೆವು. ಕಾರಣ ಕೊಟ್ಟು ಮತ್ತೆ ಪರಿಶೀಲಿಸಿ ಅಂತ ಫೈಲ್ ವಾಪಸ್ ಹೋಯಿತು. 2024ರ ಕೊನೆಯಲ್ಲಿ, ಒಂದು ಶುಕ್ರವಾರ ಸಂಜೆ, ಬಿಡುಗಡೆ ಆದೇಶ ಬಂತು. ತಾಯಿ ಜೈಲಿನ ಗೇಟಿನ ಹತ್ತಿರ ಹೊಸ ಶರ್ಟ್ ಹಿಡಿದು ನಿಂತಿದ್ದರು.

ಹುಡುಗ ಹೊರಗೆ ಬರಲಿಲ್ಲ. ನಾಮಿನಲ್ ರೋಲ್‌ನ ಐದನೇ ಕಾಲಂ. 15,000 ರೂಪಾಯಿ ದಂಡ ಕಟ್ಟಿರಲಿಲ್ಲ. ದಂಡಕ್ಕೆ ಬದಲಾಗಿ ಇರುವ ಸಜೆ ಯಾವ ಶಿಕ್ಷೆಯ ಜತೆಗೂ ಏಕಕಾಲಕ್ಕೆ ಓಡುವುದಿಲ್ಲ. ಉಳಿದದ್ದೆಲ್ಲ ಮುಗಿದ ಮೇಲೆ ಅದು ಶುರು. ಆ ಹಾಳೆಯನ್ನು ಎರಡು ವರ್ಷ ಫೈಲಿನಲ್ಲಿ ಇಟ್ಟುಕೊಂಡು ಓಡಾಡಿದವನು ನಾನು. ಪೆರೋಲ್ ಕಾಲಂ ನೋಡಿದ್ದೆ, ರೆಮಿಷನ್ ಕಾಲಂ ನೋಡಿದ್ದೆ. “ದಂಡ ಕಟ್ಟಿಬಿಡಿ ಅಮ್ಮ” ಅನ್ನುವ ಮಾತು ಹೇಳಿರಲಿಲ್ಲ. ಶನಿವಾರ, ಭಾನುವಾರ ಕಳೆದು, ಸೋಮವಾರ ಬೆಳಿಗ್ಗೆ ಕೋರ್ಟಿನಲ್ಲಿ ಹಣ ಕಟ್ಟಿ, ರಸೀದಿ ಹಿಡಿದು ಜೈಲಿಗೆ ಹೋದೆವು. ದಾರಿಯುದ್ದಕ್ಕೂ ತಾಯಿ ಮಾತಾಡಲಿಲ್ಲ. ಗೇಟ್ ಹತ್ತಿರ ಬಂದಾಗ ಕೇಳಿದ್ದು ಒಂದೇ: “ಇನ್ನೇನಾದರೂ ಬಾಕಿ ಇದೆಯಾ ಸ್ವಾಮಿ?”