ಸರಳೆ ವರಸೆಯನ್ನು ಎದುರು ಕೂತೇ ಕಲಿಯಲಿ

ಹತ್ತು ವರ್ಷದ ಮಗುವನ್ನು ಸಂಗೀತಕ್ಕೆ ಹಾಕಬೇಕು, ಆನ್‌ಲೈನ್ ಸಾಕಾ ಎಂದು ಕೇಳುವವರು ಈಗ ಜಾಸ್ತಿ. ಕರ್ನಾಟಕ ಸಂಗೀತದ ಹಾಡುಗಾರಿಕೆಯ ಮಟ್ಟಿಗೆ ನನ್ನ ಉತ್ತರ ಇಷ್ಟು: ಸರಳೆ ವರಸೆ, ಜಂಟಿ ವರಸೆ, ಅಲಂಕಾರ ಎಂಬ ಮೊದಲ ಸ್ವರಪಾಠಗಳು ಮುಗಿಯುವ ತನಕ ಮೇಷ್ಟ್ರ ಎದುರು ಕೂತೇ ಕಲಿಯಲಿ. ಆಮೇಲೆ ಆನ್‌ಲೈನ್ ಆದರೂ ನಡೆಯುತ್ತದೆ. "ಈಗ ಬರೀ ಸರಿಗಮ ತಾನೆ, ಆನ್‌ಲೈನ್‌ನಲ್ಲಿ ಕಲೀಲಿ, ಮುಂದೆ ಒಳ್ಳೆ ಗುರುಗಳನ್ನು ನೋಡೋಣ" ಅನ್ನುವವರೇ ಹೆಚ್ಚು. ಅದು ತಿರುಗಾ ಮುರುಗಾ ಆಯಿತು.

ಯಾಕೆಂದರೆ ಈ ಮೊದಲ ಪಾಠಗಳು ಗಂಟಲಿಗೆ ಹತ್ತುವುದು ಮೇಷ್ಟ್ರ ಜೊತೆಜೊತೆಗೇ ಹಾಡಿದಾಗ. ಸರಳೆ ವರಸೆ ಹೇಳಿಕೊಡುವುದು ಮಾಯಾಮಾಳವಗೌಳ ರಾಗದಲ್ಲಿ. ಅದರಲ್ಲಿ ರಿ ಎನ್ನುವುದು ಸ-ಕ್ಕೆ ಅಂಟಿಕೊಂಡ ಹಾಗೆ ಇದೆ, ಗ ಅಲ್ಲಿಂದ ದೂರ. ಹೊಸದಾಗಿ ಕಲಿಯುವ ಮಗುವಿನ ರಿ ಗೊತ್ತಿಲ್ಲದೆ ಮೇಲಕ್ಕೆ ಹೋಗುತ್ತದೆ. ಪಕ್ಕದಲ್ಲಿ ಮೇಷ್ಟ್ರು ಅದೇ ಹೊತ್ತಿಗೆ ಸರಿಯಾದ ರಿ ಹಿಡಿದಿದ್ದರೆ ಎರಡು ದನಿ ಕೂಡುತ್ತಿಲ್ಲ ಎಂದು ಮಗುವಿನ ಕಿವಿಗೇ ತಿಳಿಯುತ್ತದೆ. ಯಾರೂ ಬಾಯಿಬಿಟ್ಟು ಹೇಳುವ ಮೊದಲೇ ದನಿ ಇಳಿಸಿಕೊಳ್ಳುತ್ತದೆ.

ಆನ್‌ಲೈನ್‌ನಲ್ಲಿ ಇದೊಂದು ಆಗುವುದೇ ಇಲ್ಲ. ಲೆಕ್ಕ ಹಾಕಿ ನೋಡಿ. ಆದಿತಾಳದಲ್ಲಿ ಒಂದು ಅಕ್ಷರಕ್ಕೆ, ಅಂದರೆ ತಾಳದ ಒಂದು ಎಣಿಕೆಗೆ, ಒಂದು ಸೆಕೆಂಡ್ ಅಂದುಕೊಳ್ಳಿ. ಮೊದಲ ಕಾಲ ಅಂದರೆ ಮೊದಲ ವೇಗದಲ್ಲಿ ಸೆಕೆಂಡಿಗೆ ಒಂದು ಸ್ವರ, ಎರಡನೇ ಕಾಲದಲ್ಲಿ ಎರಡು, ಮೂರನೇ ಕಾಲದಲ್ಲಿ ನಾಲ್ಕು. ಅಂದರೆ ಮೂರನೇ ಕಾಲದಲ್ಲಿ ಒಂದು ಸ್ವರಕ್ಕೆ ಕಾಲು ಸೆಕೆಂಡ್. ಮೈಸೂರಿನಿಂದ ಅಮೆರಿಕಕ್ಕೆ ದನಿ ಹೋಗಿ, ಅಲ್ಲಿನ ಮಗುವಿನ ದನಿ ವಾಪಸ್ ಬರಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಮಗು ತಾಳಕ್ಕೆ ಸರಿಯಾಗೇ ಹಾಡಿದರೂ ಮೇಷ್ಟ್ರಿಗೆ ಒಂದು ಸ್ವರ ಹಿಂದೆ ಬಿದ್ದ ಹಾಗೆ ಕೇಳಿಸುತ್ತದೆ. ಅವರು ಕಾಯುತ್ತಾರೆ, ಮಗು ಇನ್ನೂ ನಿಧಾನ ಮಾಡುತ್ತದೆ, ತಾಳ ಎಳೆದುಹೋಗುತ್ತದೆ. ಎಂಥ ನೆಟ್ ಹಾಕಿಸಿದರೂ ಇದು ಪೂರ್ತಿ ಹೋಗುವುದಿಲ್ಲ. ಬ್ಲೂಟೂತ್ ಹೆಡ್‌ಫೋನ್ ಹಾಕಿದರೆ ಇನ್ನಷ್ಟು ತಡ. ಹಾಗಾಗಿ ಆನ್‌ಲೈನ್ ಪಾಠದಲ್ಲಿ ಒಬ್ಬರು ಹಾಡಿ ಮುಗಿಸಿದ ಮೇಲೆ ಇನ್ನೊಬ್ಬರು ಹಾಡಬೇಕು, ಬೇರೆ ದಾರಿ ಇಲ್ಲ.

ಟೆಕ್ಸಾಸ್‌ನಲ್ಲಿರುವ ನನ್ನ ಅಕ್ಕನ ಮಗ ಹೀಗೇ ಕಲಿಯುತ್ತಿದ್ದ. ಮೇಷ್ಟ್ರು ಮೈಸೂರಿನವರು, ಒಳ್ಳೆಯ ಪಾಠ. ಅವರು ಹಾಡಿದ ಸಾಲನ್ನು ತಕ್ಷಣ ಚೆನ್ನಾಗಿ ಒಪ್ಪಿಸುತ್ತಿದ್ದ. ರಜೆಗೆ ಇಲ್ಲಿಗೆ ಬಂದಾಗ ಅವರೇ ಎದುರು ಕೂರಿಸಿಕೊಂಡು, ತಂಬೂರಿ ಹಾಕಿ, "ಒಬ್ಬನೇ ಹೇಳು ಮಗು" ಅಂದರು. ಎರಡನೇ ಕಾಲಕ್ಕೆ ಬರುವಷ್ಟರಲ್ಲಿ ಸ ಕೆಳಗೆ ಇಳಿದಿತ್ತು. ತಾಳವೂ ಹಾಗೇ. ತಾಳದ ಲಘು ಎಂಬ ಭಾಗದಲ್ಲಿ ತಟ್ಟಿದ ಮೇಲೆ ಕಿರುಬೆರಳಿನಿಂದ ಎಣಿಸಬೇಕು, ಇವನು ತೋರುಬೆರಳಿನಿಂದ ಶುರು ಮಾಡುತ್ತಿದ್ದ. ಕ್ಯಾಮೆರಾದಲ್ಲಿ ಮುಖ ಮಾತ್ರ ಕಾಣುತ್ತಿತ್ತು, ಕೈ ತೊಡೆಯ ಮೇಲಿತ್ತು. ಮೇಷ್ಟ್ರಿಗೆ ಹೇಗೆ ಗೊತ್ತಾಗಬೇಕು ಹೇಳಿ?

ಶ್ರುತಿ ಇಳಿದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ವಿಡಿಯೊ ಕಾಲ್ ಆಪ್‌ಗಳು ಮಾತಿಗೆಂದು ಮಾಡಿದವು. ಒಂದೇ ಸಮನೆ ಬರುವ ಸದ್ದನ್ನು ಫ್ಯಾನ್ ಸದ್ದು ಎಂದು ತಿಳಿದು ಅಳಿಸುತ್ತವೆ. ಮೇಷ್ಟ್ರ ಕಡೆಯ ತಂಬೂರಿ ಮಗುವಿಗೆ ಬಿಟ್ಟು ಬಿಟ್ಟು ಕೇಳಿಸುತ್ತದೆ, ಕೆಲವು ಸಲ ಮಾಯವೇ ಆಗುತ್ತದೆ. ಶ್ರುತಿಯೇ ಕೇಳದೆ ಮಗು ಯಾವುದಕ್ಕೆ ದನಿ ಸೇರಿಸಬೇಕು?

ಊರಲ್ಲಿ ಕಲಿಸುವವರೇ ಇಲ್ಲದವರು, ಹೊರದೇಶದಲ್ಲಿರುವವರು ಏನು ಮಾಡಬೇಕು ಎಂದರೆ, ತಂಬೂರಿ ಆಪ್ ಮಗುವಿನ ಕೋಣೆಯಲ್ಲೇ ಓಡಲಿ, ಬೇರೆ ಫೋನಿನಲ್ಲಿ. ಜೂಮ್‌ನಲ್ಲಿ Original sound for musicians ಎಂಬ ಸೆಟ್ಟಿಂಗ್ ಇದೆ, ಅದನ್ನು ಎರಡೂ ಕಡೆ ಆನ್ ಮಾಡಿ, ವೈರ್ ಇರುವ ಹೆಡ್‌ಫೋನ್ ಹಾಕಿ. ಹೆಡ್‌ಫೋನ್ ಒಂದು ಕಿವಿಗೆ ಸಾಕು, ಇನ್ನೊಂದಕ್ಕೆ ತಂಬೂರಿ ಕೇಳಲಿ. ಕ್ಯಾಮೆರಾ ಹಿಂದಕ್ಕಿಟ್ಟು ಕೈ ಕಾಣುವ ಹಾಗೆ ಕೂರಿಸಿ. ಪಾಠವನ್ನು ರೆಕಾರ್ಡ್ ಮಾಡಿಕೊಂಡರೆ ಮಗು ಆಮೇಲೆ ಅದರ ಜೊತೆಗೆ ಹಾಡಬಹುದು. ಆದರೆ ರೆಕಾರ್ಡಿಂಗ್ ಮಗುವಿನ ತಪ್ಪು ಕೇಳಿಸಿಕೊಳ್ಳುವುದಿಲ್ಲ, ನೆನಪಿರಲಿ.

ಕಲಿಕೆ ಸರಿಯಾಗಿದೆಯಾ ಎಂದು ನೋಡಲು ನಿಮಗೆ ಸಂಗೀತ ಬರಬೇಕಿಲ್ಲ. ತಂಬೂರಿ ಹಾಕಿ ಮಗುವಿಗೆ ಒಂದು ವರಸೆ ಶುರು ಮಾಡಲು ಹೇಳಿ. ನಡುವೆ ತಂಬೂರಿ ನಿಲ್ಲಿಸಿ. ಕೊನೆಯ ಸ ಹಿಡಿದಾಗ ಮತ್ತೆ ಹಾಕಿ. ಎರಡೂ ಕೂಡಿದರೆ ಸರಿ. ಕಿವಿಗೆ ಕಿರಿಕಿರಿ ಅನ್ನಿಸಿದರೆ ಶ್ರುತಿ ಜಾರಿದೆ. ವಾರಗಟ್ಟಲೆ ಹಾಗೇ ಇದ್ದರೆ ಎದುರು ಕೂರಿಸಿ ತಿದ್ದುವವರು ಬೇಕು.

ಅಕ್ಕ ಈಗ ಅಲ್ಲೇ ಹತ್ತಿರ ಮಕ್ಕಳಿಗೆ ಹೇಳಿಕೊಡುವ ಒಬ್ಬ ಆಂಟಿಯನ್ನು ಹುಡುಕಿದ್ದಾಳೆ. ಅವರು ಕಛೇರಿ ಮಾಡಿದವರಲ್ಲ, ಆದರೆ ಶ್ರುತಿ ಗಟ್ಟಿ. ಅಲಂಕಾರ ಮುಗಿಯುವ ತನಕ ಅವರ ಮನೆಯಲ್ಲಿ ಪಾಠ, ಆಮೇಲೆ ಬರುವ ಗೀತೆಯಿಂದ ಮತ್ತೆ ಮೈಸೂರಿನ ಮೇಷ್ಟ್ರು ಆನ್‌ಲೈನ್‌ನಲ್ಲಿ. ಈ ಏರ್ಪಾಡು ಹೇಳಿದ್ದೂ ಮೇಷ್ಟ್ರೇ.