ಅಂದಾಜು 80 ಜನ, ಯು-ಶೇಪ್, ಬೆಟ್ಟ ಕಾಣಬೇಕು

ಬೆಂಗಳೂರಿನ ಕಂಪನಿಗಳಿಗೆ ವರ್ಷಕ್ಕೊಮ್ಮೆ ಪ್ರಕೃತಿಯ ಮೇಲೆ ಮೋಹ ಹುಟ್ಟುತ್ತದೆ. ಹುಟ್ಟಿದ ಕೂಡಲೇ ಅದನ್ನು ಎಚ್.ಆರ್. ವಿಭಾಗಕ್ಕೆ ಒಪ್ಪಿಸಿಬಿಡುತ್ತಾರೆ. ಎಚ್.ಆರ್. ಮೇಡಂ ನಂದಿಬೆಟ್ಟದ ತಪ್ಪಲಿನ ರೆಸಾರ್ಟಿಗೆ ಮೇಲ್ ಹಾಕುತ್ತಾರೆ: ‘ಬೆಟ್ಟ ಚೆನ್ನಾಗಿ ಕಾಣುವ ಹಾಲ್ ಬೇಕು. ಎರಡು ದಿನವೂ ಪ್ರೊಜೆಕ್ಟರ್ ಇರುತ್ತದೆ, ಕಿಟಕಿಯ ಪರದೆ ಪೂರ್ತಿ ಮುಚ್ಚುವಂತಿರಬೇಕು.’

ತಾರೀಖು ಶುಕ್ರವಾರ-ಶನಿವಾರ. ಕೆಲಸದ ದಿನ ಒಂದೇ ಹಾಳಾಗಬೇಕು, ಇನ್ನೊಂದನ್ನು ನೌಕರರು ತಮ್ಮ ಮನೆಯಿಂದ ತರಬೇಕು. ಆದರೆ ಮುಹೂರ್ತದ ದಿನಗಳಲ್ಲಿ ಹಾಲ್ ಮದುವೆಗೆ ಹೋಗಿರುತ್ತದೆ. ಕೊನೆಗೆ ಕೈಹಿಡಿಯುವುದು ಆಷಾಢ. ಮದುವೆಯಿಲ್ಲದ ತಿಂಗಳು, ಹಾಲ್ ಖಾಲಿ, ದರವೂ ಇಳಿದಿರುತ್ತದೆ. ಹೀಗೆ ‘ಭವಿಷ್ಯದತ್ತ ಹೆಜ್ಜೆ’ ಎಂಬ ಬ್ಯಾನರ್ ಹೊತ್ತ ಸಮಾವೇಶದ ದಿನವನ್ನು ಪಂಚಾಂಗವೇ ನಿಗದಿ ಮಾಡುತ್ತದೆ. ಹುಲ್ಲುಹಾಸಿನ ಮೇಲೆ ಹಗ್ಗಜಗ್ಗಾಟ ಇಟ್ಟುಕೊಂಡಿದ್ದಾರೆ. ಆಷಾಢದಲ್ಲಿ ಮಳೆ ಬಂದರೆ ಎಲ್ಲಿ ಜಗ್ಗುವುದು ಎಂದು ಆ ಮೇಲ್‌ನಲ್ಲಿ ಯಾರೂ ಕೇಳುವುದಿಲ್ಲ.

ಮೇಲ್‌ನ ಜೀವ ಇರುವುದು ತಲೆ ಎಣಿಕೆಯಲ್ಲಿ. ‘ಅಂದಾಜು 80, ಹೆಚ್ಚುಕಮ್ಮಿ ಆಗಬಹುದು.’ ಈ ಹೆಚ್ಚುಕಮ್ಮಿಯಲ್ಲಿ ‘ಹೆಚ್ಚು’ ಎಂದೂ ಆದದ್ದನ್ನು ನಾನು ಕಂಡಿಲ್ಲ. ರೆಸಾರ್ಟಿನ ಬ್ಯಾಂಕ್ವೆಟ್ ಮ್ಯಾನೇಜರ್ ವಿನಯದಿಂದ ಒಂದೇ ಪ್ರಶ್ನೆ ಕೇಳುತ್ತಾರೆ: ‘ಮೇಡಂ, ಮಿನಿಮಮ್ ಗ್ಯಾರಂಟಿ ಎಷ್ಟು ಹಾಕಲಿ?’ ಅಂದರೆ, ಉಂಡವರು ಎಷ್ಟೇ ಇರಲಿ, ಎಷ್ಟು ಪ್ಲೇಟಿನ ದುಡ್ಡು ಖಾತ್ರಿ? ಮೈಮೇಲೆ ಎಚ್ಚರ ಇರುವವರು 65ಕ್ಕೆ ಗ್ಯಾರಂಟಿ ಕೊಟ್ಟು, 80ರವರೆಗೆ ಬಡಿಸಲು ತಯಾರಿರಿ, ಮೇಲೆ ಬಂದವರಿಗೆ ಬಂದಷ್ಟೇ ಲೆಕ್ಕ, ಕೊನೆಯ ಸಂಖ್ಯೆಯನ್ನು ಮೂರು ದಿನ ಮುಂಚೆ ಹೇಳುತ್ತೇವೆ ಎಂದು ಬರೆಸಿಕೊಳ್ಳುತ್ತಾರೆ. ಆದರೆ 65 ಎಂದು ಬರೆದ ಮೇಲ್‌ನ ಪ್ರತಿ ಡೈರೆಕ್ಟರಿಗೂ ಹೋಗುತ್ತದಲ್ಲ! ‘ಉಳಿದ 15 ಜನಕ್ಕೆ ಕಂಪನಿಯ ಮೇಲೆ ಅಭಿಮಾನ ಇಲ್ಲವೇನ್ರೀ?’ ಅಂತ ಕೇಳಿದರೆ ಏನು ಹೇಳುವುದು? ಅಭಿಮಾನದ ಲೆಕ್ಕದಲ್ಲಿ 80 ಪ್ಲೇಟ್ ಖಾಯಂ ಆಯಿತು, ಪ್ಲೇಟಿಗೆ 1,400 ರೂಪಾಯಿ, ತೆರಿಗೆ ಬೇರೆ.

ಮುಂದೆ ಕುರ್ಚಿ. ಹಾಲ್ 50 ಅಡಿ ಉದ್ದ, 30 ಅಡಿ ಅಗಲ. ಸಿನಿಮಾ ಮಂದಿರದ ಹಾಗೆ ಬರೀ ಕುರ್ಚಿ ಹಾಕಿದರೆ ನೂರಿಪ್ಪತ್ತು ಜನ ಆರಾಮಾಗಿ ಕೂರುತ್ತಾರೆ. ಮುಂದೆ ಮೇಜು ಇಟ್ಟು ಕ್ಲಾಸ್‌ರೂಮ್ ಮಾಡಿದರೆ ಎಂಬತ್ತು ಜನ. ಯು-ಶೇಪ್ ಆದರೆ ನಲವತ್ತರ ಆಸುಪಾಸು, ಏಕೆಂದರೆ ಮಧ್ಯದ ಜಾಗವೆಲ್ಲ ಖಾಲಿ ಬಿಡಬೇಕು. ಡೈರೆಕ್ಟರಿಗೆ ಬೇಕಾದದ್ದೇ ಆ ಖಾಲಿ ಜಾಗ. ಮಾತಾಡುತ್ತಾ ಅಲ್ಲಿ ಓಡಾಡಬೇಕಂತೆ, ‘ಎಲ್ಲರೂ ಸಮಾನರು’ ಎಂದು ಹೇಳುವುದಕ್ಕೆ. ಲೆಕ್ಕ ಹಾಕಿ ನೋಡಿ. ತಲೆಗೆ ಎರಡಡಿ ಮೇಜು ಅಂದರೆ 80 ಜನಕ್ಕೆ 160 ಅಡಿ. ತಳದ ಸಾಲಿಗೆ 20 ಅಡಿ ಕೊಟ್ಟರೆ ಎರಡು ಕೈಗಳೂ ತಲಾ 70 ಅಡಿ. ಹಾಲ್ ಇರುವುದೇ 50. ಎರಡೂ ಕಡೆಯ ಸಮಾನರು ಗೋಡೆ ದಾಟಿ ಈಜುಕೊಳದಲ್ಲಿ ಕೂರಬೇಕಾಗುತ್ತದೆ.

ಮ್ಯಾನೇಜರ್ ‘ಆಗಲ್ಲ’ ಅನ್ನಲಿಲ್ಲ. ಆ ವೃತ್ತಿಯಲ್ಲಿ ಆ ಪದವೇ ಇಲ್ಲ. ‘ಅಡ್ಜಸ್ಟ್ ಮಾಡೋಣ ಮೇಡಂ’ ಎಂದು ಬರೆದರು. ಒಂದು ಯು, ಅದರ ಬೆನ್ನಿಗೆ ಇನ್ನೊಂದು ಯು. ಒಳಸಾಲಿಗೆ ಮೇಜು, ಹೊರಸಾಲಿಗೆ ಬರೀ ಕುರ್ಚಿ. ಸಮಾನತೆಗೂ ಎರಡನೇ ದರ್ಜೆ ಬಂತು.

ಊಟದ ಪಟ್ಟಿ: ವೆಜ್ 44, ನಾನ್‌ವೆಜ್ 34, ಜೈನ್ 4, ಕೂಡಿದರೆ 82. ಗ್ಯಾರಂಟಿ ಕೊಟ್ಟ ಸಂಖ್ಯೆಗಿಂತ ಉಣ್ಣುವವರೇ ಇಬ್ಬರು ಜಾಸ್ತಿ. ಇದನ್ನು ಯಾರೂ ಕೂಡಿ ನೋಡಿಲ್ಲ, ಮ್ಯಾನೇಜರ್ ನೋಡಿದರೂ ಹೇಳಿಲ್ಲ. ಶನಿವಾರ ಎಂದು ಮಾಂಸ ಮುಟ್ಟದವರು ಆ 34ರಲ್ಲಿ ಎಷ್ಟು ಜನ ಎಂಬ ಕಾಲಂ ಪಟ್ಟಿಯಲ್ಲಿ ಇರಲೇ ಇಲ್ಲ. ಕೋಳಿ ತಿನ್ನುವವರೂ ಮೊದಲು ಪನೀರ್ ಹಾಕಿಸಿಕೊಳ್ಳುತ್ತಾರೆ, ಸಸ್ಯಾಹಾರಿಗಳ ಸರದಿ ಬರುವಷ್ಟರಲ್ಲಿ ಗ್ರೇವಿ ಉಳಿದಿರುತ್ತದೆ ಎಂಬುದು ಬಫೆ ಕಂಡವರಿಗೆಲ್ಲ ಗೊತ್ತು. ಅಡುಗೆಯವರು ಪಟ್ಟಿಯತ್ತ ಕಣ್ಣೂ ಹಾಯಿಸದೆ ಪನೀರ್ ಎಲ್ಲರಿಗೂ ಮಾಡಿದರು, ಕೋಳಿ ಅರ್ಧ ಮಾಡಿದರು.

ಬಂದವರು 57 ಜನ. ಒಬ್ಬರಿಗೆ ಜ್ವರ, ಇಬ್ಬರಿಗೆ ನೋಟಿಸ್ ಪೀರಿಯಡ್, ಉಳಿದವರಿಗೆ ‘ಕ್ಲೈಂಟ್ ಕಾಲ್’. ತಿನ್ನದ 23 ಪ್ಲೇಟಿಗೆ 32,200 ರೂಪಾಯಿ ಬಿಲ್ಲಿನಲ್ಲಿ ಬಂತು. ಶನಿವಾರ ಮಧ್ಯಾಹ್ನದ ಗೋಷ್ಠಿಯ ವಿಷಯ ‘ವೆಚ್ಚ ಕಡಿತ’.

ಸೋಮವಾರ ಅಕೌಂಟ್ಸ್‌ನವರು ಮೇಲ್ ಮಾಡಿದರು: ‘ಬಿಲ್ 80ಕ್ಕೆ ಇದೆ. ಗ್ರೂಪ್ ಫೋಟೋದಲ್ಲಿ ಎಣಿಸಿದರೆ 57. ಉಳಿದ 23 ಜನ ಎಲ್ಲಿ?’

ಎಚ್.ಆರ್. ಮೇಡಂ ಹತ್ತೇ ನಿಮಿಷದಲ್ಲಿ ಉತ್ತರ ಕಳಿಸಿದರು: ‘ಅವರು ಹೊರಸಾಲಿನ ಯುನಲ್ಲಿದ್ದರು, ಫೋಟೋಗೆ ಸಿಗಲಿಲ್ಲ.’